ಮದ್ಯಪಟ್ಟಿ: ಆಯ್ಕೆಯಿಂದ ಹೊಣೆಯವರೆಗೆ

ಹೊಸ ರೆಸ್ಟೋರೆಂಟಿನ ಮದ್ಯಪಟ್ಟಿ ಚಿಕ್ಕದಾಗಿರುವುದು ಒಳ್ಳೆಯದು. 750 ಮಿಲಿಲೀಟರಿನ ವೈನ್ ಬಾಟಲಿಯಿಂದ 150 ಮಿಲಿಯ ಐದು ಲೋಟ ಸಿಗುತ್ತದೆ. ಆದರೆ ತೆರೆದ ವೈನ್ ಗಾಳಿ ತಾಗಿ ಕೆಲವೇ ದಿನಗಳಲ್ಲಿ ಹುಳಿಯುತ್ತದೆ. ಆದ್ದರಿಂದ ಲೋಟದ ಲೆಕ್ಕದಲ್ಲಿ ಕೊಡಲು ಒಂದು ಬಿಳಿ, ಒಂದು ಕೆಂಪು ವೈನ್ ಸಾಕು. ಬಿಳಿಯದನ್ನು ಚೆನ್ನಾಗಿ ತಂಪಾಗಿಸಬೇಕು. ನಮ್ಮ ಬೇಸಿಗೆಯಲ್ಲಿ ಕೆಂಪನ್ನೂ ತುಸು ತಂಪಾಗಿಸಿದರೆ ರುಚಿ. ಬಾಟಲಿಯನ್ನು ಆರ್ಡರ್ ಮಾಡಿದವರಿಗೆ ಮೊದಲು ಲೇಬಲ್ ತೋರಿಸಿ, ಅವರೆದುರೇ ತೆರೆದು, ಒಂದು ಗುಟುಕು ರುಚಿಗೆ ಕೊಡುವುದು ರೂಢಿ.

ಪಟ್ಟಿಯಲ್ಲಿ ಬೆಲೆಯ ಜೊತೆ ಅಳತೆ ಮತ್ತು ಆಲ್ಕೋಹಾಲ್ ಪ್ರಮಾಣವೂ ಇರಬೇಕು. ಶೇ 42.8ರ ವಿಸ್ಕಿಯ 30 ಮಿಲಿ ಪೆಗ್‌ನಲ್ಲಿ ಸುಮಾರು 13 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 52 ಮಿಲಿ, ಅಂದರೆ ನಾಲ್ಕು ಪೆಗ್‌ನಷ್ಟು! ‘ಬರೀ ಬಿಯರ್’ ಎಂಬ ಮಾತು ದಾರಿ ತಪ್ಪಿಸುವುದು ಇಲ್ಲೇ.

ಕರ್ನಾಟಕದ ಅಬಕಾರಿ ಪರವಾನಗಿ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಎಳೆಯರಂತೆ ಕಾಣುವ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲೂ ಭಾವಚಿತ್ರ ಮತ್ತು ಪೂರ್ಣ ಜನ್ಮದಿನಾಂಕವನ್ನು ನೋಡಬೇಕು. 2005ರ ಆಗಸ್ಟ್ 15ರಂದು ಹುಟ್ಟಿದವರಿಗೆ 2026ರ ಆಗಸ್ಟ್ 14ರಂದು ಇನ್ನೂ 21 ತುಂಬಿರುವುದಿಲ್ಲ.

ಯಕೃತ್ತು ಗಂಟೆಗೆ ಸುಮಾರು ಒಂದು ಸಣ್ಣ ಪೆಗ್‌ನಷ್ಟನ್ನು ಮಾತ್ರ ಕರಗಿಸುತ್ತದೆ. ಕಾಫಿಯಿಂದ ಆ ವೇಗ ಹೆಚ್ಚದು. ಮಾತು ತೊದಲಿದರೆ, ನಡಿಗೆ ತಪ್ಪಿದರೆ ಮದ್ಯ ನಿಲ್ಲಿಸಿ, ನೀರು, ಊಟ ಕೊಟ್ಟು, ಟ್ಯಾಕ್ಸಿಯಲ್ಲಿ ಕಳುಹಿಸಬೇಕು.