ಮೂಲ ವರ್ಷ ಬದಲಾದರೆ ಬೆಳವಣಿಗೆಯೂ ಬದಲು

2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜಿಡಿಪಿ ಲೆಕ್ಕದ ಮೂಲ ವರ್ಷವನ್ನು 2004-05ರಿಂದ 2011-12ಕ್ಕೆ ಬದಲಿಸಿತು. ಅದುವರೆಗೆ ಶೇ 4.7 ಎನ್ನಲಾಗಿದ್ದ 2013-14ರ ಬೆಳವಣಿಗೆ ಶೇ 6.9ಕ್ಕೆ ಏರಿತು. ಆಗ ಲೆಕ್ಕದ ವಿಧಾನ ಮತ್ತು ಮಾಹಿತಿಯ ಮೂಲಗಳೂ ಬದಲಾಗಿದ್ದವು. ಆದರೆ ಬೇರೇನೂ ಬದಲಾಗದೆ ಮೂಲ ವರ್ಷವೊಂದೇ ಬದಲಾದರೂ ಬೆಳವಣಿಗೆಯ ದರ ಬೇರೆಯಾಗಬಲ್ಲದು.

ಅಕ್ಕಿ ಮತ್ತು ಮೊಬೈಲ್ ಫೋನ್ ಎರಡನ್ನೇ ಉತ್ಪಾದಿಸುವ ಒಂದು ನಾಡಿದೆ ಎಂದುಕೊಳ್ಳೋಣ. ಮೊದಲ ವರ್ಷ ಅಲ್ಲಿ ಕ್ವಿಂಟಲ್‌ಗೆ 2,000 ರೂಪಾಯಿಯಂತೆ 100 ಕ್ವಿಂಟಲ್ ಅಕ್ಕಿ, ತಲಾ 20,000 ರೂಪಾಯಿಯ 10 ಫೋನ್ ತಯಾರಾದವು. ಒಟ್ಟು ಮೌಲ್ಯ 4 ಲಕ್ಷ ರೂಪಾಯಿ. ಎರಡನೇ ವರ್ಷ ಅಕ್ಕಿ 110 ಕ್ವಿಂಟಲ್ ಆಯಿತು, ದರ 3,000ಕ್ಕೆ ಏರಿತು. ಫೋನ್‌ಗಳು 20 ಆದವು, ಬೆಲೆ 10,000ಕ್ಕೆ ಇಳಿಯಿತು. ಈಗಿನ ಒಟ್ಟು ಮೌಲ್ಯ 5.3 ಲಕ್ಷ. ಆಯಾ ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದ ಈ ಮೊತ್ತಗಳು ನಾಮಿನಲ್ ಜಿಡಿಪಿ. ಏರಿಕೆ ಶೇ 32.5.

ಇದರಲ್ಲಿ ನಿಜವಾದ ಉತ್ಪಾದನೆ ಎಷ್ಟು, ಬೆಲೆಯ ಪಾಲೆಷ್ಟು? ಅದನ್ನು ತಿಳಿಯಲು ಎರಡೂ ವರ್ಷಗಳ ಉತ್ಪನ್ನವನ್ನು ಒಂದೇ ವರ್ಷದ ಬೆಲೆಯಲ್ಲಿ ಅಳೆಯಬೇಕು. ಅದೇ ನೈಜ ಜಿಡಿಪಿ. ಮೊದಲ ವರ್ಷವನ್ನು ಮೂಲವಾಗಿಟ್ಟರೆ, ಎರಡನೇ ವರ್ಷದ ಅಕ್ಕಿ 2.2 ಲಕ್ಷ, ಫೋನ್ 4 ಲಕ್ಷ, ಒಟ್ಟು 6.2 ಲಕ್ಷ. ಬೆಳವಣಿಗೆ ಶೇ 55! ನಾಮಿನಲ್ ಮೊತ್ತವನ್ನು ನೈಜ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ಡಿಫ್ಲೇಟರ್ ಸಿಗುತ್ತದೆ. ಇಲ್ಲಿ ಅದು 85.5. ಅಂದರೆ ಒಟ್ಟಾರೆ ಬೆಲೆ ಸುಮಾರು ಶೇ 14.5ರಷ್ಟು ಇಳಿದಿದೆ.

ಈಗ ಎರಡನೇ ವರ್ಷವನ್ನೇ ಮೂಲ ಮಾಡೋಣ. ಹೊಸ ಬೆಲೆಯಲ್ಲಿ ಮೊದಲ ವರ್ಷದ ಅಕ್ಕಿ 3 ಲಕ್ಷ, ಫೋನ್ 1 ಲಕ್ಷ, ಒಟ್ಟು 4 ಲಕ್ಷ. ಎರಡನೇ ವರ್ಷದ್ದು 5.3 ಲಕ್ಷ. ಬೆಳವಣಿಗೆ ಶೇ 32.5 ಮಾತ್ರ. ಎರಡೂ ವರ್ಷ ಡಿಫ್ಲೇಟರ್ 100. ಬೆಲೆಮಟ್ಟ ಕದಲಿಯೇ ಇಲ್ಲ.

ಒಂದೇ ಅಕ್ಕಿ, ಅದೇ ಫೋನ್. ವ್ಯತ್ಯಾಸ ಬಂದದ್ದು ತೂಕದಿಂದ. ಉತ್ಪಾದನೆ ದುಪ್ಪಟ್ಟಾದ ಫೋನಿಗೆ ಹಳೆಯ ಬೆಲೆಯಲ್ಲಿ ಹೆಚ್ಚು ತೂಕವಿತ್ತು, ಹೊಸ ಬೆಲೆಯಲ್ಲಿ ಕಡಿಮೆ. ಅಗ್ಗವಾಗುವ ವಸ್ತುವಿನ ಉತ್ಪಾದನೆಯೇ ವೇಗವಾಗಿ ಬೆಳೆದಾಗ ಹಳೆಯ ಮೂಲ ವರ್ಷ ಬೆಳವಣಿಗೆಯನ್ನು ಹಿಗ್ಗಿಸಿ ತೋರಿಸುತ್ತದೆ.

ಕಂಪ್ಯೂಟರ್ ಬೆಲೆ ಕುಸಿಯುತ್ತಿದ್ದ ಕಾಲದಲ್ಲಿ ಅಮೆರಿಕ ಎದುರಿಸಿದ್ದೂ ಇದೇ ತೊಡಕು. 1996ರಲ್ಲಿ ಅದು ಸರಪಳಿ ವಿಧಾನಕ್ಕೆ ಹೊರಳಿತು. ಪ್ರತಿ ಜೋಡಿ ವರ್ಷಕ್ಕೂ ಎರಡೂ ಬೆಲೆಗಳಲ್ಲಿ ಬೆಳವಣಿಗೆ ಲೆಕ್ಕ ಹಾಕಿ, ಅವುಗಳ ಗುಣೋತ್ತರ ಸರಾಸರಿಯನ್ನು ಮುಂದಿನ ವರ್ಷಕ್ಕೆ ಕೊಂಡಿಯಾಗಿಸುವುದು ಆ ಕ್ರಮ. ನಮ್ಮ ಉದಾಹರಣೆಯಲ್ಲಿ 1.55 ಮತ್ತು 1.325ನ್ನು ಗುಣಿಸಿ ವರ್ಗಮೂಲ ತೆಗೆದರೆ ಬೆಳವಣಿಗೆ ಸುಮಾರು ಶೇ 43.

ಆದ್ದರಿಂದ ಬೇರೆ ಬೇರೆ ವರ್ಷಗಳ ನೈಜ ಜಿಡಿಪಿಯನ್ನು ಹೋಲಿಸುವ ಮುನ್ನ, ಎರಡೂ ಅಂಕಿಗಳ ಮೂಲ ವರ್ಷ ಒಂದೇ ಆಗಿದೆಯೇ ಎಂದು ನೋಡಿಕೊಳ್ಳಿ.