ಆನೆಗೆ ಸೊಂಡಿಲು ಉದ್ದ: ಜಪಾನಿಯ ‘ವ’ ಮತ್ತು ‘ಗ’

ಜಪಾನಿ ಕಂಪನಿಯೊಂದಕ್ಕೆ ರವಿ ಎಂಬ ಹೊಸಬ ಸೇರಿದ್ದಾನೆ ಅಂದುಕೊಳ್ಳಿ. ಮೊದಲ ದಿನ ಸಭೆಯಲ್ಲಿ ಎದ್ದು ನಿಂತು ‘ವತಶಿ ವ ರವಿ ದೆಸ್’ ಎಂದರೆ ‘ನಾನು ರವಿ’ ಎಂದಂತಾಯಿತು. ಎಲ್ಲರೂ ತಲೆಬಾಗಿಸಿ ನಮಸ್ಕರಿಸುತ್ತಾರೆ. ಅದೇ ಹುಡುಗ ‘ವತಶಿ ಗ ರವಿ ದೆಸ್’ ಎಂದರೆ ವಾಕ್ಯ ತಪ್ಪಲ್ಲ, ಆದರೆ ಕೇಳಿದವರಿಗೆ ಏನೋ ಇರುಸುಮುರುಸು. ಅದರ ಅರ್ಥ ‘ರವಿ ಅಂದ್ರೆ ನಾನೇ’ ಎಂದು. ‘ನಿಮ್ಮಲ್ಲಿ ರವಿ ಯಾರು?’ ಎಂದು ಯಾರಾದರೂ ಕೇಳಿದ್ದರೆ ಅದೇ ಸರಿಯಾದ ಉತ್ತರವಾಗುತ್ತಿತ್ತು. ಯಾರೂ ಕೇಳದೆ ಹೇಳಿದರೆ, ಊರೆಲ್ಲ ತನ್ನನ್ನೇ ಹುಡುಕುತ್ತಿದೆ ಎಂದುಕೊಂಡವನ ಮಾತಿನಂತಿರುತ್ತದೆ.

ಜಪಾನಿ ಕಲಿಯುವವರನ್ನು ಹೆಚ್ಚು ಕಾಡುವುದು ಈ ಎರಡು ಪುಟ್ಟ ಪ್ರತ್ಯಯಗಳೇ. ಮೊದಲ ಪಾಠದಲ್ಲಿ ‘ವ’ ಬರುತ್ತದೆ, ಅದು ಕರ್ತೃವಿನ ಗುರುತು ಎಂದು ನಾವು ಅಂದುಕೊಳ್ಳುತ್ತೇವೆ. ನಾಲ್ಕಾರು ಪಾಠ ಕಳೆಯುವಷ್ಟರಲ್ಲಿ ‘ಗ’ ಬಂದು ಅದೂ ಕರ್ತೃವಿಗೇ ಅಂಟಿಕೊಳ್ಳುತ್ತದೆ. ಹಾಗಾದರೆ ಯಾವಾಗ ಯಾವುದು? ಈ ಪ್ರಶ್ನೆಯಲ್ಲೇ ಒಂದು ಎಡವಟ್ಟಿದೆ. ಒಂದೇ ಕೆಲಸಕ್ಕೆ ಇಬ್ಬರು ಆಳುಗಳಿದ್ದಾರೆ ಎಂದು ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ನಿಜವಾಗಿ ಇವೆರಡರ ಕೆಲಸ ಬೇರೆ ಬೇರೆ.

‘ಗ’ ವಿಭಕ್ತಿ ಪ್ರತ್ಯಯ. ಕ್ರಿಯೆ ಯಾರದು, ಗುಣ ಯಾವುದರದು ಎಂದು ಅದು ಹೇಳುತ್ತದೆ. ನಮ್ಮ ಪ್ರಥಮಾ ವಿಭಕ್ತಿಯ ಹಾಗೆ. ಕರ್ಮಕ್ಕೆ ‘ಒ’ ಇದೆ, ‘ಗೆ’ ಅಥವಾ ‘ಅಲ್ಲಿ’ ಎನ್ನಲು ‘ನಿ’ ಇದೆ, ಷಷ್ಠಿಗೆ ‘ನೊ’ ಇದೆ. ‘ವ’ ಈ ಸಾಲಿಗೆ ಸೇರಿದ್ದಲ್ಲ. ‘ಈಗ ನಾನು ಮಾತಾಡುತ್ತಿರುವುದು ಇದರ ಬಗ್ಗೆ’ ಎಂದು ಕೇಳುವವರ ಮುಂದೆ ಒಂದು ವಿಷಯವನ್ನು ಇಡುವುದು ಅದರ ಕೆಲಸ. ಆ ವಿಷಯ ಕರ್ತೃವಾಗಿರಬಹುದು, ಕರ್ಮವಾಗಿರಬಹುದು, ಜಾಗವೋ ಕಾಲವೋ ಆಗಿರಬಹುದು. ‘ಕೊನ್ನಿಚಿ ವ’ ಎಂಬ ನಮಸ್ಕಾರವನ್ನೇ ನೋಡಿ. ‘ಕೊನ್ನಿಚಿ’ ಎಂದರೆ ಈ ದಿನ. ‘ಈ ದಿನ ಅಂದರೆ…’ ಎಂದು ವಿಷಯ ಎತ್ತಿ, ಮುಂದಿನ ಮಾತನ್ನು ಹೇಳದೆ ಬಿಟ್ಟಿರುವ ವಾಕ್ಯ ಅದು. ಬರೆಯುವಾಗ ಈ ‘ವ’ಕ್ಕೆ ಇಂದಿಗೂ ‘ಹ’ ಅಕ್ಷರವನ್ನೇ ಬಳಸುತ್ತಾರೆ. 1946ರ ಕಾಗುಣಿತ ಸುಧಾರಣೆಯಲ್ಲಿ ಹಳೆಯ ಬರವಣಿಗೆ ಬಹಳಷ್ಟು ಬದಲಾದರೂ ಇದನ್ನು ಹಾಗೆಯೇ ಉಳಿಸಿಕೊಂಡರು.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ‘ಕೊನೊ ಹೊನ್ ವ ಸೆನ್ಸೇ ಗ ಕಕಿಮಶಿತ.’ ಕನ್ನಡದಲ್ಲಿ ‘ಈ ಪುಸ್ತಕ ಮೇಷ್ಟ್ರು ಬರೆದರು’. ಎರಡೂ ಭಾಷೆಗಳಲ್ಲಿ ಪುಸ್ತಕವೇ ಮೊದಲು ಬಂದಿದೆ, ಮಾತು ಅದರ ಬಗ್ಗೆಯೇ. ಆದರೆ ಬರೆದದ್ದು ಪುಸ್ತಕವಲ್ಲ. ಕನ್ನಡದಲ್ಲಿ ಇದು ನಮಗೆ ಹೇಗೆ ಗೊತ್ತಾಗುತ್ತದೆ? ಕ್ರಿಯಾಪದದ ಬಾಲದಿಂದ. ‘ಬರೆದರು’ ಎಂಬಲ್ಲಿನ ‘ಅರು’ ಮೇಷ್ಟ್ರಿಗೆ ಹೊಂದುತ್ತದೆ, ಪುಸ್ತಕಕ್ಕಲ್ಲ. ಜಪಾನಿ ಕ್ರಿಯಾಪದಕ್ಕೆ ಇಂಥ ಬಾಲವಿಲ್ಲ. ನಾನು ಬರೆದರೂ ‘ಕಕಿಮಶಿತ’, ಅವಳು ಬರೆದರೂ ‘ಕಕಿಮಶಿತ’, ಹತ್ತು ಜನ ಬರೆದರೂ ಅಷ್ಟೇ. ಅಲ್ಲಿ ಕರ್ತೃ ಯಾರೆಂದು ತೋರಿಸಿಕೊಡುವುದು ‘ಗ’.

ಈ ಗಂಟನ್ನು ಬಿಡಿಸಲು ಕುಳಿತವರಲ್ಲಿ ಮಿಕಾಮಿ ಅಕಿರ ಎಂಬಾತ ಮುಖ್ಯ. 1903ರಲ್ಲಿ ಹುಟ್ಟಿದ ಈತ ಓದಿದ್ದು ವಾಸ್ತುಶಿಲ್ಪ, ಬಹುಕಾಲ ಕಲಿಸಿದ್ದು ಶಾಲೆಯಲ್ಲಿ ಗಣಿತ. ವ್ಯಾಕರಣದ ಪಂಡಿತರ ಕೂಟಕ್ಕೆ ಹೊರಗಿನವ. 1960ರಲ್ಲಿ ಈತ ಪ್ರಕಟಿಸಿದ ಪುಸ್ತಕದ ಹೆಸರೇ ಒಂದು ಸಾಮಾನ್ಯ ವಾಕ್ಯ: ‘ಜೋ ವ ಹನ ಗ ನಗಾಇ’. ‘ಜೋ’ ಎಂದರೆ ಆನೆ, ‘ಹನ’ ಎಂದರೆ ಮೂಗು, ಆನೆಯ ವಿಷಯದಲ್ಲಿ ಸೊಂಡಿಲು. ‘ನಗಾಇ’ ಎಂದರೆ ಉದ್ದ. ಈ ವಾಕ್ಯದಲ್ಲಿ ಕರ್ತೃ ಯಾವುದು, ಆನೆಯೋ ಸೊಂಡಿಲೋ? ಪಾಶ್ಚಾತ್ಯ ವ್ಯಾಕರಣದ ಅಚ್ಚಿನಲ್ಲಿ ಜಪಾನಿಯನ್ನು ಅಳೆಯಲು ಹೊರಟವರು ಇದರ ಮುಂದೆ ತಬ್ಬಿಬ್ಬಾಗಿದ್ದರು. ಆನೆ ದೊಡ್ಡ ಕರ್ತೃ, ಸೊಂಡಿಲು ಚಿಕ್ಕ ಕರ್ತೃ ಎಂದು ಕೆಲವರು ತೇಪೆ ಹಚ್ಚಿದ್ದೂ ಉಂಟು. ಕನ್ನಡಿಗರಿಗೆ ಇಲ್ಲಿ ಅಂಥ ಗಾಬರಿಯೇನೂ ಇಲ್ಲ. ನಾವು ‘ಆನೆಗೆ ಸೊಂಡಿಲು ಉದ್ದ’ ಎಂದು ದಿನಾ ಹೇಳುತ್ತೇವೆ. ಉದ್ದ ಇರುವುದು ಸೊಂಡಿಲು, ಮಾತು ಮಾತ್ರ ಆನೆಯದು.

ಮಿಕಾಮಿಯ ಉಪಾಯ ಗಣಿತದ ಮೇಷ್ಟರಿಗೆ ತಕ್ಕದ್ದು. ವಾಕ್ಯದ ಕೊನೆಗೆ ‘ಕೊತೊ’ ಎಂದು ಸೇರಿಸಿ ಎಂದ ಆತ. ಅದು ನಮ್ಮ ‘ಎಂಬುದು’ ಇದ್ದ ಹಾಗೆ. ಹೀಗೆ ವಾಕ್ಯವನ್ನು ಬರೀ ಸಂಗತಿಯಾಗಿ ಕಟ್ಟಿಟ್ಟರೆ ಅದರಲ್ಲಿ ಮಾತುಕತೆಯ ಅಂಶ ಹೋಗುತ್ತದೆ, ಅದರ ಜೊತೆ ‘ವ’ ಕೂಡ ಹೋಗುತ್ತದೆ. ಅದರ ಅಡಿಯಲ್ಲಿ ಅಡಗಿದ್ದ ವಿಭಕ್ತಿ ಹೊರಗೆ ಬರುತ್ತದೆ. ಪುಸ್ತಕದ ವಾಕ್ಯ ‘ಸೆನ್ಸೇ ಗ ಕೊನೊ ಹೊನ್ ಒ ಕಾಇತ ಕೊತೊ’ ಆಗುತ್ತದೆ, ಅಂದರೆ ಮೇಷ್ಟ್ರು ಈ ಪುಸ್ತಕವನ್ನು ಬರೆದರು ಎಂಬುದು. ‘ವ’ ಅಲ್ಲಿ ಕರ್ಮದ ‘ಒ’ವನ್ನು ಮುಚ್ಚಿಕೊಂಡಿತ್ತು. ಆನೆಯ ವಾಕ್ಯ ‘ಜೋ ನೊ ಹನ ಗ ನಗಾಇ ಕೊತೊ’ ಆಗುತ್ತದೆ, ಆನೆಯ ಸೊಂಡಿಲು ಉದ್ದ ಎಂಬುದು. ಇಲ್ಲಿ ‘ವ’ದ ಕೆಳಗಿದ್ದದ್ದು ಷಷ್ಠಿಯ ‘ನೊ’. ಎರಡರಲ್ಲೂ ‘ಗ’ ಮಾತ್ರ ಇದ್ದಲ್ಲೇ ಇದೆ. ವಿಷಯ ಬೇರೆ, ಕರ್ತೃ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ ನನಗೆ ಸಿಕ್ಕಿಲ್ಲ.

ಹೋಟೆಲಿನಲ್ಲಿ ಕೇಳುವ ‘ಬೊಕು ವ ಉನಗಿ ದ’ ಎಂಬ ಮಾತೂ ಇದೇ ಜಾತಿಯದು. ‘ಉನಗಿ’ ಎಂದರೆ ಹಾವುಮೀನು. ‘ವ’ ಕರ್ತೃವಿನ ಗುರುತಾಗಿದ್ದರೆ ಆ ಗಿರಾಕಿ ತಾನೇ ಹಾವುಮೀನು ಎಂದು ಘೋಷಿಸಿದಂತಾಗುತ್ತಿತ್ತು. ನಿಜವಾದ ಅರ್ಥ ‘ನನ್ನ ವಿಷಯಕ್ಕೆ ಬಂದರೆ, ಹಾವುಮೀನು’, ನಾವು ದರ್ಶಿನಿಯಲ್ಲಿ ‘ನಂದು ಮಸಾಲೆ’ ಎನ್ನುವಂತೆ. ಇಂಥವನ್ನು ಜಪಾನಿನ ವ್ಯಾಕರಣಕಾರರು ಹಾವುಮೀನು ವಾಕ್ಯಗಳೆಂದೇ ಕರೆಯುತ್ತಾರೆ.

ಮಿಕಾಮಿ ಇಷ್ಟಕ್ಕೇ ನಿಲ್ಲಲಿಲ್ಲ. ಜಪಾನಿಗೆ ಕರ್ತೃ ಎಂಬ ಕಲ್ಪನೆಯೇ ಬೇಡ, ಅದನ್ನು ವ್ಯಾಕರಣದಿಂದ ಕಿತ್ತುಹಾಕಿ ಎಂದ. ಅದು ತುಸು ಅತಿಯಾಯಿತು. ಗೌರವದ ಕ್ರಿಯಾರೂಪವನ್ನು ನಂತರದ ಭಾಷಾವಿಜ್ಞಾನಿಗಳು ಎದುರಿಗೆ ಹಿಡಿದರು. ಮೇಷ್ಟರ ಮೇಲಿನ ಗೌರವಕ್ಕೆ ‘ಕಕಿಮಶಿತ’ದ ಬದಲು ‘ಒಕಕಿ ನಿ ನರಿಮಶಿತ’ ಎಂದರೆ, ‘ಪುಸ್ತಕ ವ’ ಎಂದು ವಾಕ್ಯ ಶುರುವಾಗಿದ್ದರೂ ಗೌರವ ಸಲ್ಲುವುದು ‘ಗ’ ಹತ್ತಿದ ಮೇಷ್ಟರಿಗೇ. ವಿಷಯವನ್ನು ಬಿಟ್ಟು ಕರ್ತೃವನ್ನೇ ಹುಡುಕಿಕೊಂಡು ಹೋಗುವ ಕೆಲಸಗಳು ಜಪಾನಿಯಲ್ಲೂ ಇವೆ ಎಂದಾಯಿತು. ಜಪಾನಿನ ಶಾಲಾ ವ್ಯಾಕರಣದಲ್ಲಿ ಕರ್ತೃ ಇಂದಿಗೂ ಇದೆ.

ಕರ್ತೃವೇ ವಿಷಯವೂ ಆಗಬಲ್ಲ ಕಡೆ ‘ವ’ ಹಾಕಬೇಕೋ ‘ಗ’ ಹಾಕಬೇಕೋ? ಇಲ್ಲಿ ನೋಡಬೇಕಾದದ್ದು ಕೇಳುವವರಿಗೆ ಏನು ಗೊತ್ತಿದೆ ಎಂಬುದನ್ನು. ಒಂದು ಕತೆ ಹೇಳಲು ಹೊರಟಿದ್ದೇವೆ. ‘ಆರು ಮುರ ನಿ ಒಜೀಸಾನ್ ಗ ಇಮಶಿತ’, ಒಂದು ಹಳ್ಳಿಯಲ್ಲಿ ಒಬ್ಬ ಮುದುಕ ಇದ್ದ. ಮುದುಕ ಈಗಷ್ಟೇ ರಂಗಕ್ಕೆ ಬಂದಿದ್ದಾನೆ, ಆದ್ದರಿಂದ ‘ಗ’. ಮುಂದಿನ ವಾಕ್ಯ ‘ಒಜೀಸಾನ್ ವ ಮಾಇನಿಚಿ ಉಮಿ ಎ ಇಕಿಮಶಿತ’, ಆ ಮುದುಕ ದಿನಾ ಸಮುದ್ರಕ್ಕೆ ಹೋಗುತ್ತಿದ್ದ. ಈಗ ಅವನು ಪರಿಚಿತ, ಆದ್ದರಿಂದ ‘ವ’. ನಾವು ‘ಒಬ್ಬ ಮುದುಕ’, ‘ಆ ಮುದುಕ’ ಎಂದು ಮಾಡುವ ಕೆಲಸ ಅಲ್ಲಿ ಪ್ರತ್ಯಯದಿಂದ ಆಗುತ್ತದೆ. ಅದಲು ಬದಲು ಮಾಡಿದರೆ ಕತೆ ಕೆಡುತ್ತದೆ. ಮೊದಲ ವಾಕ್ಯಕ್ಕೇ ‘ವ’ ಹಾಕಿದರೆ ‘ಯಾವ ಮುದುಕ?’ ಎಂದು ಮಕ್ಕಳು ಕೇಳುತ್ತಾರೆ. ಎರಡನೆಯದಕ್ಕೆ ‘ಗ’ ಹಾಕಿದರೆ ‘ಸಮುದ್ರಕ್ಕೆ ಹೋಗುತ್ತಿದ್ದದ್ದು ಮುದುಕನೇ, ಬೇರೆಯವರಲ್ಲ’ ಎಂದು ವಾದಕ್ಕೆ ನಿಂತಂತೆ ಆಗುತ್ತದೆ.

‘ಯಾರು’, ‘ಯಾವುದು’ ಎಂಬ ಪ್ರಶ್ನೆಗಳಿಗೆ ‘ವ’ ಹತ್ತದಿರುವುದೂ ಇದೇ ಕಾರಣಕ್ಕೆ. ಯಾರೆಂದೇ ಗೊತ್ತಿಲ್ಲದವರನ್ನು ಮಾತಿನ ವಿಷಯ ಮಾಡಲಾಗದು. ‘ದರೆ ಗ ಕಿಮಶಿತ ಕ?’, ಯಾರು ಬಂದರು? ಉತ್ತರವೂ ‘ತನಾಕ ಸಾನ್ ಗ ಕಿಮಶಿತ’ ಎಂದೇ. ರವಿಯ ‘ಗ’ ಬಿಗುವಾಗಿ ಕೇಳಿಸಿದ್ದು ಈ ಗುಣದಿಂದಲೇ. ಯಾರೂ ಮಾಡಲೊಪ್ಪದ ಕೆಲಸವೊಂದು ಬಿದ್ದಿರುವಾಗ ‘ವತಶಿ ಗ ಯರಿಮಸ್’ ಎಂದರೆ ‘ನಾನೇ ಮಾಡ್ತೀನಿ’ ಎಂದು. ನಮ್ಮ ‘ಏ’ ಇಲ್ಲಿ ‘ಗ’ಕ್ಕೆ ಸರಿಸಾಟಿ.

‘ವ’ಕ್ಕೆ ಇನ್ನೊಂದು ಮುಖವಿದೆ, ಎಡವಿ ಬೀಳುವುದು ಹೆಚ್ಚಾಗಿ ಅಲ್ಲಿ. ಒಂದನ್ನು ಎತ್ತಿ ಮುಂದಿಟ್ಟರೆ ಉಳಿದವು ಹಿಂದೆ ಸರಿಯುತ್ತವೆ. ಹಿಂದೆ ಸರಿದವುಗಳ ಜೊತೆ ಹೋಲಿಕೆ ಹುಟ್ಟುತ್ತದೆ. ಸಹೋದ್ಯೋಗಿಯನ್ನು ಹೊಗಳಲು ‘ಕ್ಯೋ ವ ಕಿರೇ ದೆಸ್ ನೆ’ ಎಂದವರ ಗತಿ ಏನಾಗಬಹುದು ನೋಡಿ. ‘ಇವತ್ತು ಚೆನ್ನಾಗಿ ಕಾಣ್ತಿದ್ದೀರಿ’ ಎನ್ನುವುದು ಅವರ ಮನಸ್ಸಿನಲ್ಲಿದ್ದದ್ದು. ಆ ‘ವ’ದಿಂದ ಅದು ‘ಇವತ್ತಂತೂ ಚೆನ್ನಾಗಿದ್ದೀರಿ’ ಎಂದು ಕೇಳಿಸಬಹುದು, ಮಿಕ್ಕ ದಿನ ಹೇಗೋ ಎಂಬ ಧ್ವನಿಯೊಡನೆ. ‘ಕ್ಯೋ’ ಮುಂದಿನ ‘ವ’ವನ್ನು ಬಿಟ್ಟುಬಿಟ್ಟರೆ ಅಪಾಯ ತಪ್ಪಿತು.

ಕೊನೆಯದಾಗಿ, ಒಳವಾಕ್ಯದ ಲೆಕ್ಕ. ‘ಚಿಚಿ ಗ ಕಾಎತ್ತ ತೊಕಿ, ತೆರೆಬಿ ಒ ಕೆಶಿಮಶಿತ’ ಎಂದರೆ ಸಾಮಾನ್ಯವಾಗಿ ‘ಅಪ್ಪ ಮನೆಗೆ ಬಂದಾಗ ಟಿವಿ ಆಫ್ ಮಾಡಿದೆ’. ‘ಗ’ವನ್ನು ‘ವ’ ಮಾಡಿದರೆ ‘ಅಪ್ಪ ಮನೆಗೆ ಬಂದಾಗ ಟಿವಿ ಆಫ್ ಮಾಡಿದರು’. ‘ಗ’ದ ಹಿಡಿತ ಹತ್ತಿರದ ‘ಬಂದಾಗ’ದ ತನಕ ಮಾತ್ರ, ‘ವ’ ಅದನ್ನು ದಾಟಿ ವಾಕ್ಯದ ತುದಿಯ ಕ್ರಿಯೆಯವರೆಗೂ ಹೋಗುತ್ತದೆ. ಕನ್ನಡದಲ್ಲಿ ಈ ವ್ಯತ್ಯಾಸ ತಿಳಿದದ್ದು ‘ದೆ’, ‘ದರು’ ಎಂಬ ಬಾಲಗಳಿಂದ. ಆ ಬಾಲವಿಲ್ಲದ ಜಪಾನಿಗೆ ಗತಿ ಈ ಪ್ರತ್ಯಯಗಳೇ.

ನಮ್ಮಲ್ಲಿ ಜಪಾನಿ ಕಲಿಯುವವರು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳನ್ನೇ ಹಿಡಿಯುತ್ತಾರೆ. ಅಲ್ಲಿ ‘ಏ’ ಇಲ್ಲ, ‘ಅಂತೂ’ ಇಲ್ಲ, ‘ಆನೆಗೆ ಸೊಂಡಿಲು ಉದ್ದ’ ಎನ್ನುವ ವಾಕ್ಯವೂ ಇಲ್ಲ. ಇರುವುದೆಲ್ಲ ಸುತ್ತುಬಳಸಿನ ವಿವರಣೆ. ಕಲಿಯುವವರು ಪ್ರತಿ ಜಪಾನಿ ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಿ. ‘ನಾನೇ’ ಎಂದು ಬಂದರೆ ‘ಗ’ ಬರೆಯಿರಿ, ‘ನಾನಂತೂ’ ಎಂದು ಬಂದರೆ ‘ವ’.