ಭಾರವಿಯ ಕಾಲ: ಹಿಂದಿನ ಕವಿ, ಮುಂದಿನವರ ಸಾಕ್ಷ್ಯ

‘ಕಿರಾತಾರ್ಜುನೀಯ’ವನ್ನು ಬರೆದ ಭಾರವಿ ತನ್ನ ಬಗ್ಗೆ ಒಂದು ಮಾತನ್ನೂ ಬರೆದಿಟ್ಟಿಲ್ಲ. ಊರು, ತಂದೆತಾಯಿ, ಗುರು, ಆಶ್ರಯದಾತ, ಯಾವುದರ ಸುಳಿವೂ ಹದಿನೆಂಟು ಸರ್ಗಗಳಲ್ಲಿ ಸಿಗುವುದಿಲ್ಲ. ಕಥೆ ಮಹಾಭಾರತದ ವನಪರ್ವದ್ದು. ಅರ್ಜುನ ತಪಸ್ಸಿಗೆ ಹೋಗುತ್ತಾನೆ, ಬೇಡನ ವೇಷದ ಶಿವನೊಡನೆ ಕಾದು ಪಾಶುಪತಾಸ್ತ್ರ ಪಡೆಯುತ್ತಾನೆ. ಇಂಥ ಕಥೆಯಲ್ಲಿ ಸಮಕಾಲೀನ ರಾಜನ ಹೆಸರು ಬರುವ ಅವಕಾಶವೂ ಕಡಿಮೆ. ಆದ್ದರಿಂದ ಭಾರವಿಯ ಕಾಲವನ್ನು ಹೇಳಬೇಕಾದರೆ ಅವನ ನಂತರ ಬಂದವರು ಅವನ ಬಗ್ಗೆ ಏನು ಹೇಳಿದ್ದಾರೆ ಎಂಬುದನ್ನೇ ಆಧರಿಸಬೇಕು. ಹೀಗೆ ಸಿಗುವ ಮುಖ್ಯ ಸಾಕ್ಷ್ಯಗಳಲ್ಲಿ ಎರಡು ಕರ್ನಾಟಕದ ನೆಲದಲ್ಲೇ ದೊರೆತಿವೆ.

ಮೊದಲನೆಯದು ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲಿದೆ. ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿ ಈ ಬಸದಿಯನ್ನು ಕಟ್ಟಿಸಿ, ಪುಲಕೇಶಿಯ ವಿಜಯಗಳನ್ನು ಹೊಗಳುವ ಸಂಸ್ಕೃತ ಪ್ರಶಸ್ತಿಯೊಂದನ್ನು ತಾನೇ ರಚಿಸಿ ಕೆತ್ತಿಸಿದ. ಕೊನೆಯಲ್ಲಿ ಅವನು ತನ್ನ ಕವಿತೆಯಿಂದ ಕಾಳಿದಾಸ, ಭಾರವಿಯರಿಗೆ ಸಮನಾದ ಕೀರ್ತಿಯನ್ನು ಪಡೆದಿರುವುದಾಗಿ ಹೇಳಿಕೊಳ್ಳುತ್ತಾನೆ. ಶಾಸನದಲ್ಲೇ ಶಕವರ್ಷ 556 ಎಂಬ ಕಾಲವಿದೆ, ಅಂದರೆ ಕ್ರಿ.ಶ. 634-35. ಗ್ರಂಥಗಳಲ್ಲಿ ಬರುವ ಉಲ್ಲೇಖಗಳಿಗಿಂತ ಇದು ಏಕೆ ಹೆಚ್ಚು ಬೆಲೆಯುಳ್ಳದ್ದು ಎಂಬುದು ಸುಲಭವಾಗಿ ತಿಳಿಯುತ್ತದೆ. ತಾಳೆಗರಿಯ ಗ್ರಂಥ ಪ್ರತಿಯಿಂದ ಪ್ರತಿಗೆ ಸಾಗುವಾಗ ಯಾರೋ ಒಂದು ಶ್ಲೋಕ ಸೇರಿಸಬಹುದು, ಇನ್ನಾರೋ ಒಂದನ್ನು ಬಿಡಬಹುದು. ಕಲ್ಲಿನ ಮೇಲಿನ ಬರಹ ಕೆತ್ತಿದ ದಿನದಿಂದ ಹಾಗೆಯೇ ಉಳಿದಿದೆ, ತನ್ನ ವರ್ಷವನ್ನೂ ತಾನೇ ಹೇಳುತ್ತದೆ.

ಆದರೆ ಈ ಶಾಸನ ಹೇಳುವುದು ಎಷ್ಟನ್ನು? 634ರ ಹೊತ್ತಿಗೆ ಭಾರವಿಯ ಕಾವ್ಯ ರಚನೆಯಾಗಿತ್ತು, ಅಷ್ಟೇ. ಎಷ್ಟು ಹಿಂದೆ ರಚನೆಯಾಗಿತ್ತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನಂತರದವರ ಉಲ್ಲೇಖಗಳ ಸ್ವಭಾವವೇ ಹಾಗೆ. ಅವು ಕವಿ ಇದಕ್ಕಿಂತ ಈಚೆಗೆ ಬರಲಾರ ಎಂಬ ಒಂದು ಗಡಿಯನ್ನು ಮಾತ್ರ ಹಾಕುತ್ತವೆ. ಆ ಗಡಿಯಿಂದ ಹಿಂದಕ್ಕೆ ಹತ್ತು ವರ್ಷವೂ ಇರಬಹುದು, ಇನ್ನೂರು ವರ್ಷವೂ ಇರಬಹುದು. ಇಲ್ಲಿ ವಿದ್ವಾಂಸರು ಸಾಮಾನ್ಯವಾಗಿ ಒಂದು ತರ್ಕ ಮುಂದಿಡುತ್ತಾರೆ. ಕಾಳಿದಾಸನ ಪಕ್ಕದಲ್ಲಿ ಹೆಸರಿಸುವಷ್ಟು ಕೀರ್ತಿ ಬರಬೇಕಾದರೆ ಕಾವ್ಯ ಕೈಬರಹದ ಪ್ರತಿಗಳ ಮೂಲಕ ದೂರದೂರ ಹರಡಬೇಕು, ಪಾಠಶಾಲೆಗಳಲ್ಲಿ ನೆಲೆಯೂರಬೇಕು. ಅದಕ್ಕೆ ಒಂದೆರಡು ತಲೆಮಾರಾದರೂ ಹಿಡಿಯುತ್ತದೆ. ತರ್ಕ ಒಪ್ಪುವಂಥದೇ, ಆದರೂ ಅದು ಊಹೆ. ಭಾರವಿ ಬಹಳ ಹಿಂದಿನವನು ಎಂದು ರವಿಕೀರ್ತಿ ಎಲ್ಲಿಯೂ ಹೇಳಿಲ್ಲ. ತನ್ನ ಹಿರಿಯ ಸಮಕಾಲೀನನನ್ನೇ ಅವನು ನೆನೆದಿರಬಹುದೆಂಬ ಸಾಧ್ಯತೆಯನ್ನು ಈ ಶಾಸನವೊಂದರಿಂದಲೇ ತಳ್ಳಿಹಾಕಲಾಗದು.

ಎರಡನೆಯ ಸಾಕ್ಷ್ಯ ಕೋಲಾರ ಜಿಲ್ಲೆಯ ಗುಮ್ಮರೆಡ್ಡಿಪುರದಲ್ಲಿ ಸಿಕ್ಕ ತಾಮ್ರಪಟಗಳು. ಇವು ಗಂಗರಾಜ ದುರ್ವಿನೀತನ ಆಳ್ವಿಕೆಯ 40ನೆಯ ವರ್ಷಕ್ಕೆ ಸೇರಿದವು. ‘ಕವಿರಾಜಮಾರ್ಗ’ ಕನ್ನಡದ ಹಳೆಯ ಗದ್ಯಕಾರರ ಸಾಲಿನಲ್ಲಿ ಹೆಸರಿಸುವ ದುರ್ವಿನೀತ ಇವನೇ ಎಂದು ಬಹುಪಾಲು ವಿದ್ವಾಂಸರು ತಿಳಿಯುತ್ತಾರೆ. ತಾಮ್ರಪಟದಲ್ಲಿ ಅವನಿಗಿರುವ ಬಿರುದುಗಳಲ್ಲಿ ಒಂದು, ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಟೀಕೆ ಬರೆದವನು ಎಂಬುದು. ಇಡೀ ಕಾವ್ಯವನ್ನು ಬಿಟ್ಟು ಒಂದೇ ಸರ್ಗಕ್ಕೆ ಟೀಕೆ ಏಕೆ ಎಂಬುದಕ್ಕೆ ಆ ಸರ್ಗವನ್ನು ನೋಡಿದರೆ ಸಾಕು. ಅದು ಚಿತ್ರಕವಿತ್ವದ ಸರ್ಗ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದ್ಯಗಳು ಅಲ್ಲಿವೆ. ಹೆಚ್ಚುಕಡಿಮೆ ‘ನ’ಕಾರ ಒಂದರಿಂದಲೇ ಕಟ್ಟಿದ ಪದ್ಯವೂ ಇದೆ. ಟೀಕೆಯಿಲ್ಲದೆ ಅರ್ಥವಾಗದ ಭಾಗವನ್ನೇ ರಾಜ ಆರಿಸಿಕೊಂಡಿದ್ದಾನೆ. ಬಿರುದಿನ ಮಾತು ನಂಬತಕ್ಕದ್ದಾಗಿ ಕಾಣಲು ಇದೂ ಒಂದು ಕಾರಣ.

ತೊಂದರೆ ಇರುವುದು ವರ್ಷದಲ್ಲಿ. ಪಟದಲ್ಲಿ ರಾಜನ ಆಳ್ವಿಕೆಯ ವರ್ಷವಿದೆ, ಶಕವರ್ಷವಿಲ್ಲ. 40ನೆಯ ವರ್ಷ ಎಂದರೆ ಯಾವಾಗಿನಿಂದ ಎಣಿಸಿದ 40? ದುರ್ವಿನೀತನನ್ನು ಕೆಲವರು 6ನೆಯ ಶತಮಾನದಲ್ಲಿ ಇಡುತ್ತಾರೆ, ಕೆಲವರು 7ನೆಯ ಶತಮಾನದ ಮೊದಲರ್ಧಕ್ಕೆ ತರುತ್ತಾರೆ. ಇದರ ಜೊತೆಗೆ ಗಂಗರ ಹೆಸರಿನಲ್ಲಿ ಕೂಟತಾಮ್ರಪಟಗಳು ಸಾಕಷ್ಟಿವೆ ಎಂಬ ಆಕ್ಷೇಪವನ್ನು ಫ್ಲೀಟ್ ಎತ್ತಿದ್ದರು. ಹಾಗಾಗಿ ಪ್ರತಿಯೊಂದು ಪಟದ ಲಿಪಿ ಅದು ಹೇಳುವ ಕಾಲಕ್ಕೆ ಹೊಂದುತ್ತದೆಯೇ, ವಂಶಾವಳಿ ಬೇರೆ ಪಟಗಳೊಂದಿಗೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಅದನ್ನು ಸಾಕ್ಷ್ಯವಾಗಿ ಬಳಸಬೇಕು. ಸಾಕ್ಷಿ ಹೇಳುವವನ ಕಾಲವೇ ನೆಲೆಯಾಗದಿದ್ದರೆ ಅವನ ಮಾತಿನಿಂದ ಕವಿಯ ಕಾಲ ನೆಲೆಯಾಗುವುದಿಲ್ಲ.

ಮೂರನೆಯ ಸಾಕ್ಷ್ಯ ಹೆಚ್ಚು ಸ್ವಾರಸ್ಯದ್ದು, ಹೆಚ್ಚು ತೊಡಕಿನದೂ ಹೌದು. ದಂಡಿಯದೆಂದು ಹೇಳಲಾಗುವ ‘ಅವಂತಿಸುಂದರೀಕಥಾ’ ಎಂಬ ಗದ್ಯಕಾವ್ಯದ ಶಿಥಿಲ ಪ್ರತಿಯನ್ನು ಎಂ. ರಾಮಕೃಷ್ಣ ಕವಿ ಅವರು 1924ರಲ್ಲಿ ಮುದ್ರಿಸಿದರು. ಅದರ ಆರಂಭದಲ್ಲಿ ದಂಡಿ ತನ್ನ ಮನೆತನದ ಕಥೆ ಹೇಳುತ್ತಾನೆ. ಅವನ ಮುತ್ತಜ್ಜ ದಾಮೋದರ. ಈ ದಾಮೋದರನಿಗೆ ವಿಷ್ಣುವರ್ಧನನೆಂಬ ರಾಜಕುಮಾರನ ಸ್ನೇಹವಾಗುತ್ತದೆ. ಅವನೊಡನೆ ಬೇಟೆಗೆ ಹೋಗಿ ಮಾಂಸ ತಿಂದ ದೋಷ ಕಳೆದುಕೊಳ್ಳಲು ತೀರ್ಥಯಾತ್ರೆ ಹೊರಡುತ್ತಾನೆ. ದುರ್ವಿನೀತನ ಬಳಿ ಇರುತ್ತಾನೆ. ಕೊನೆಗೆ ಕಂಚಿಯ ಪಲ್ಲವರಾಜ ಸಿಂಹವಿಷ್ಣುವಿನ ಆಸ್ಥಾನ ಸೇರುತ್ತಾನೆ. ಈ ಕಥೆಯಲ್ಲಿ ಭಾರವಿಯ ಹೆಸರೂ ಬರುತ್ತದೆ. ಮೊದಲು ಸಿಕ್ಕ ಪಾಠದಲ್ಲಿ ಭಾರವಿ ಎಂಬ ಪದ ಪ್ರಥಮಾ ವಿಭಕ್ತಿಯಲ್ಲಿ ಇದ್ದಂತೆ ಕಂಡದ್ದರಿಂದ ದಾಮೋದರನೇ ಭಾರವಿ ಎಂದು ಹಲವರು ತಿಳಿದರು. ಕವಿಯ ನಿಜನಾಮ, ಗೋತ್ರ, ವಂಶ ಎಲ್ಲವೂ ಒಂದೇ ಸಲಕ್ಕೆ ದೊರೆತಂತಾಗಿತ್ತು. ಆಮೇಲೆ ಇನ್ನೊಂದು ಹಸ್ತಪ್ರತಿಯ ಪಾಠ ಬೆಳಕಿಗೆ ಬಂದಾಗ ಆ ಪದ ದ್ವಿತೀಯಾ ವಿಭಕ್ತಿಯಲ್ಲಿತ್ತು: ದಾಮೋದರ ಭಾರವಿಯನ್ನು ಆಶ್ರಯಿಸಿ, ಅವನ ಮೂಲಕ ವಿಷ್ಣುವರ್ಧನನ ಸ್ನೇಹ ಗಳಿಸಿದ. ಅಲ್ಲಿಗೆ ಭಾರವಿ ಬೇರೆ, ದಾಮೋದರ ಬೇರೆ ಎಂದಾಯಿತು. ಈ ಎರಡನೆಯ ಪಾಠವೇ ಈಗ ಮಾನ್ಯವಾಗಿದೆ. ಕವಿಯ ವಂಶಾವಳಿ ಕೈತಪ್ಪಿತು. ಅವನು ದಾಮೋದರನ ಸಮಕಾಲೀನ ಎಂಬ ಮಾಹಿತಿ ಉಳಿಯಿತು.

ಈ ಮಾಹಿತಿಯನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು. ದಂಡಿ ಕಂಚಿಯಲ್ಲಿ ಸುಮಾರು 700ರ ಆಸುಪಾಸಿನಲ್ಲಿ ಇದ್ದನೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮುತ್ತಜ್ಜನೆಂದರೆ ಮೂರು ತಲೆಮಾರು ಹಿಂದೆ. ತಲೆಮಾರಿಗೆ 25ರಿಂದ 35 ವರ್ಷ ಹಿಡಿದರೆ ದಾಮೋದರ ಸರಿಸುಮಾರು 595ರಿಂದ 625ರ ನಡುವೆ ಬರುತ್ತಾನೆ. ಸಿಂಹವಿಷ್ಣುವಿನ ಆಳ್ವಿಕೆ ಸುಮಾರು 600ಕ್ಕೆ ಮುಗಿದಿತ್ತು ಎನ್ನುತ್ತಾರೆ, ಆದ್ದರಿಂದ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ. ಇನ್ನು ಆ ವಿಷ್ಣುವರ್ಧನ ಯಾರು? ಪುಲಕೇಶಿಯ ತಮ್ಮ, ಮುಂದೆ ವೆಂಗಿಯಲ್ಲಿ ಪೂರ್ವ ಚಾಲುಕ್ಯ ವಂಶ ಸ್ಥಾಪಿಸಿದ ಕುಬ್ಜ ವಿಷ್ಣುವರ್ಧನ ಎಂದು ಹೇಳಿದರೆ ಎಲ್ಲವೂ ಒಂದೇ ಕಾಲದಲ್ಲಿ ಸೇರಿಕೊಂಡಂತೆ ತೋರುತ್ತದೆ.

ಆದರೆ ಹತ್ತಿರದಿಂದ ನೋಡಿದರೆ ಇಲ್ಲೊಂದು ಬಿರುಕಿದೆ. ಪುಲಕೇಶಿಯ ತಂದೆ ಒಂದನೆಯ ಕೀರ್ತಿವರ್ಮ 597ರ ಸುಮಾರಿಗೆ ತೀರಿಕೊಂಡಾಗ ಪುಲಕೇಶಿ ಇನ್ನೂ ಚಿಕ್ಕವನಾಗಿದ್ದನೆಂದೂ, ಅದಕ್ಕೇ ಚಿಕ್ಕಪ್ಪ ಮಂಗಲೇಶ ಪಟ್ಟವೇರಿದನೆಂದೂ ಇತಿಹಾಸಕಾರರು ತಿಳಿಯುತ್ತಾರೆ. ಅಣ್ಣನೇ ಬಾಲಕನಾಗಿದ್ದ ಮೇಲೆ ತಮ್ಮ ವಿಷ್ಣುವರ್ಧನ 600ಕ್ಕೆ ಮೊದಲು ಕವಿಗಳ ಗೆಳೆತನ ಮಾಡಿ ಬೇಟೆಯಾಡುವ ಪ್ರಾಯದವನಾಗಿದ್ದ ಎನ್ನಲಾಗದು. ಇದರಿಂದ ತಪ್ಪಿಸಿಕೊಳ್ಳಲು ಆ ವಿಷ್ಣುವರ್ಧನ ಮಾಳವದ ಯಶೋಧರ್ಮನೇ ಇರಬೇಕು ಎಂದು ಸೂಚಿಸಿದವರಿದ್ದಾರೆ. 532ರ ಮಂದಸೋರ್ ಶಾಸನದಲ್ಲಿ ಅವನಿಗೆ ವಿಷ್ಣುವರ್ಧನ ಎಂಬ ಹೆಸರೂ ಇದೆ. ಆಗ ಬಾಲಕನ ತೊಡಕು ಹೋಗುತ್ತದೆ, ಬೇರೊಂದು ತೊಡಕು ಎದುರಾಗುತ್ತದೆ. 532ರ ಹೊತ್ತಿಗೆ ಯುವಕನಾಗಿದ್ದ ದಾಮೋದರನಿಗೂ 700ರ ದಂಡಿಗೂ ನಡುವೆ ಮೂರೇ ತಲೆಮಾರು ಎಂದರೆ ಪ್ರತಿ ತಲೆಮಾರಿಗೆ 56 ವರ್ಷ ಕೊಡಬೇಕಾಗುತ್ತದೆ. ಒಂದು ತಲೆಮಾರಿನಲ್ಲಿ ಹಾಗಾಗಬಹುದು, ಸತತವಾಗಿ ಮೂರರಲ್ಲಿ ಆಗುವುದು ಅಪರೂಪ. ಸಿಂಹವಿಷ್ಣುವನ್ನು ತುಸು ಈಚೆಗೆ ತರಬಹುದೇ ಎಂದರೆ, ಅವನ ಮಗ ಮಹೇಂದ್ರವರ್ಮನ ಕಾಲದಲ್ಲೇ ಪುಲಕೇಶಿಯ ಪಲ್ಲವ ದಂಡಯಾತ್ರೆ ನಡೆದದ್ದರಿಂದ ಆ ಕಡೆಗೂ ಹೆಚ್ಚು ಜಾಗವಿಲ್ಲ. ದಂಡಿ ತನ್ನ ಮುತ್ತಜ್ಜನ ಕಥೆಯನ್ನು ಮನೆಯಲ್ಲಿ ಕೇಳಿದಂತೆ ಬರೆದಿದ್ದಾನೆ. ಮನೆತನದ ನೆನಪಿನಲ್ಲಿ ದೊಡ್ಡ ಹೆಸರುಗಳು ಒಂದರ ಪಕ್ಕ ಒಂದು ಬಂದು ಕೂರುವುದು ಸಹಜ, ಆದ್ದರಿಂದ ಮೂವರು ರಾಜರಲ್ಲಿ ಪ್ರತಿಯೊಬ್ಬರಿಗೂ ಒಂದೇ ತೂಕ ಕೊಡಬೇಕಾಗಿಲ್ಲ.

ಇದೇ ಕಾಲದ ಬಾಣಭಟ್ಟನ ಮೌನವನ್ನೂ ಸಾಕ್ಷ್ಯವಾಗಿ ತರುತ್ತಾರೆ. ಪುಲಕೇಶಿಯ ಎದುರಾಳಿ ಹರ್ಷನ ಆಸ್ಥಾನದಲ್ಲಿದ್ದ ಬಾಣ ‘ಹರ್ಷಚರಿತ’ದ ಮೊದಲಲ್ಲಿ ಭಾಸ, ಕಾಳಿದಾಸ, ಪ್ರವರಸೇನ ಮುಂತಾದವರನ್ನು ನೆನೆಯುತ್ತಾನೆ, ಭಾರವಿಯನ್ನು ನೆನೆಯುವುದಿಲ್ಲ. ಭಾರವಿ ದಕ್ಷಿಣದವನು, ಆಗ ಅವನ ಕೀರ್ತಿ ಉತ್ತರಕ್ಕೆ ಇನ್ನೂ ತಲುಪಿರಲಿಲ್ಲ ಎಂದು ಇದರಿಂದ ಕೆಲವರು ತರ್ಕಿಸುತ್ತಾರೆ. ಅವನ ಬಗೆಗಿನ ಹಳೆಯ ಸಾಕ್ಷ್ಯಗಳು ಐಹೊಳೆ, ಕೋಲಾರ, ಕಂಚಿಗಳಿಂದಲೇ ಬರುವುದು ಈ ಮಾತಿಗೆ ಸ್ವಲ್ಪ ಬಲ ಕೊಡುತ್ತದೆ. ಮೌನಕ್ಕೆ ಇದಕ್ಕಿಂತ ಹೆಚ್ಚಿನ ಬೆಲೆ ಕಟ್ಟುವುದು ಸರಿಯಲ್ಲ. ಬಾಣ ತನಗೆ ಬೇಕಾದ ಕೆಲವರನ್ನು ಹೊಗಳಿದ್ದಾನೆಯೇ ಹೊರತು ಆವರೆಗಿನ ಎಲ್ಲ ಕವಿಗಳ ಪಟ್ಟಿ ಕೊಟ್ಟಿಲ್ಲ.

ಹಿಂದಿನ ಗಡಿಯ ವಿಷಯ ಇನ್ನೂ ಸಡಿಲ. ಭಾರವಿಯ ಮೇಲೆ ಕಾಳಿದಾಸನ ಪ್ರಭಾವವಿದೆ ಎಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಆದರೆ ಕಾಳಿದಾಸನ ಕಾಲವನ್ನೂ ಮುಂದಿನವರ ಮಾತುಗಳಿಂದಲೇ ಹುಡುಕಬೇಕಾಗಿದೆ. ಈಚಿನ ಕಡೆ ಮಾತ್ರ ಸಾಕ್ಷ್ಯಗಳು ಒಂದಕ್ಕೊಂದು ಬಲವಾಗಿ ನಿಲ್ಲುತ್ತವೆ. ಪಾಣಿನಿಯ ವ್ಯಾಖ್ಯಾನವಾದ ‘ಕಾಶಿಕಾವೃತ್ತಿ’ 7ನೆಯ ಶತಮಾನದ್ದು; ಅದು ಕಿರಾತಾರ್ಜುನೀಯದ ಮೂರನೆಯ ಸರ್ಗದ ಸಾಲೊಂದನ್ನು ವ್ಯಾಕರಣದ ಉದಾಹರಣೆಯಾಗಿ ಎತ್ತಿಕೊಂಡಿದೆ. ಮಾಘನ ‘ಶಿಶುಪಾಲವಧ’ ಭಾರವಿಯ ಕಾವ್ಯವನ್ನು ಮಾದರಿಯಾಗಿ ಇಟ್ಟುಕೊಂಡೇ ಬರೆದದ್ದು. ಭಾರವಿ ಪ್ರತಿ ಸರ್ಗದ ಕೊನೆಯ ಪದ್ಯದಲ್ಲಿ ‘ಲಕ್ಷ್ಮೀ’ ಶಬ್ದ ತಂದರೆ ಮಾಘ ‘ಶ್ರೀ’ ಶಬ್ದ ತರುತ್ತಾನೆ. ಮಾಘನ ಅಜ್ಜ ವರ್ಮಲಾತನೆಂಬ ರಾಜನ ಮಂತ್ರಿಯಾಗಿದ್ದ, ವರ್ಮಲಾತನ ಹೆಸರಿರುವ ವಸಂತಗಢದ ಶಾಸನ 625ರದು, ಆದ್ದರಿಂದ ಮಾಘ 7ನೆಯ ಶತಮಾನದ ಉತ್ತರಾರ್ಧದವನು. ಐಹೊಳೆ ಕೊಟ್ಟ ಗಡಿಯನ್ನು ಇವು ಹಿಂದಕ್ಕೆ ತಳ್ಳುವುದಿಲ್ಲ, ಆದರೆ ಅದು ಒಬ್ಬ ಪ್ರಶಸ್ತಿಕಾರನ ಆಕಸ್ಮಿಕ ಮಾತಲ್ಲ ಎಂಬುದನ್ನು ಖಚಿತಪಡಿಸುತ್ತವೆ.

ಹೀಗಾಗಿ ಸಾಹಿತ್ಯ ಚರಿತ್ರೆಗಳಲ್ಲಿ ಭಾರವಿಯ ಹೆಸರಿನ ಮುಂದೆ ಕಾಣುವ ‘6ನೆಯ ಶತಮಾನದ ಉತ್ತರಾರ್ಧ’ ಎಂಬುದರಲ್ಲಿ ಎರಡು ಬಗೆಯ ತಿಳಿವಳಿಕೆ ಬೆರೆತಿದೆ. 634ಕ್ಕೆ ಹಿಂದೆ ಎಂಬುದು ಖಚಿತ. 550ರಿಂದ 600 ಎಂಬುದು ಕೀರ್ತಿ ಹರಡಲು ಬೇಕಾದ ಕಾಲ, ದಂಡಿಯ ತಲೆಮಾರುಗಳು, ದುರ್ವಿನೀತನ ಟೀಕೆ, ಇವನ್ನು ಕೂಡಿಸಿ ಮಾಡಿದ ಅಂದಾಜು. ಈ ಅಂದಾಜಿನ ದೊಡ್ಡ ಅಪಾಯವೆಂದರೆ ಸುತ್ತುತರ್ಕ. ದುರ್ವಿನೀತ ಟೀಕೆ ಬರೆದದ್ದರಿಂದ ಭಾರವಿ 6ನೆಯ ಶತಮಾನದವನು ಎಂದು ಒಂದು ಪುಸ್ತಕ ಹೇಳಿ, ಭಾರವಿಯ ಸಮಕಾಲೀನನಾದ್ದರಿಂದ ದುರ್ವಿನೀತ 6ನೆಯ ಶತಮಾನದವನು ಎಂದು ಇನ್ನೊಂದು ಹೇಳಿದರೆ, ಇಬ್ಬರ ಕಾಲವೂ ಸಿದ್ಧವಾದಂತಲ್ಲ. ದುರ್ವಿನೀತನ ಆಳ್ವಿಕೆಯ ವರ್ಷವನ್ನೂ ಶಕವರ್ಷವನ್ನೂ ಒಟ್ಟಿಗೆ ಹೇಳುವ ನಂಬಲರ್ಹ ಶಾಸನವೊಂದು ಸಿಕ್ಕರೆ ಈ ಸುತ್ತು ತುಂಡಾಗುತ್ತದೆ. ಅವನು 6ನೆಯ ಶತಮಾನದ ನಡುವಿನಲ್ಲಿ ಆಳಿದನೆಂದು ತೋರಿದರೆ ಭಾರವಿಯ ಕಾವ್ಯ ಐಹೊಳೆ ಶಾಸನಕ್ಕಿಂತ ಹಲವು ದಶಕ ಹಿಂದಕ್ಕೆ ಸರಿಯುತ್ತದೆ; 7ನೆಯ ಶತಮಾನದವನೆಂದು ತೋರಿದರೆ ಗಡಿ ಈಗಿರುವಂತೆಯೇ 634ರಲ್ಲಿ ಉಳಿಯುತ್ತದೆ.